ಮುಖ್ಯವಾದ ಅಲರ್ಟ್ ಮೇಲ್‌ಗೆ ಮಾತ್ರ ಆನ್‌ಕಾಲ್ ಫೋನ್ ಹೊಡೆದುಕೊಳ್ಳಬೇಕು, ಉಳಿದದ್ದಕ್ಕೆ ನಿದ್ದೆ ಕೆಡಬಾರದು. ನೀವೆಲ್ಲ ಹೇಗೆ ಮಾಡಿದ್ದೀರಿ?

ಹದಡಿ ರಸ್ತೆ ಅಡ್ಮಿನ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಜನರ ತಂಡ. ಒಂದು ಆಸ್ಪತ್ರೆಯ ಲ್ಯಾಬ್, ಎರಡು ಪತ್ತಿನ ಸಹಕಾರ ಸಂಘ, ಕೆಲವು ಶಾಲೆಗಳ ಸರ್ವರ್ ನೋಡಿಕೊಳ್ಳುತ್ತೇವೆ. ವಾರಕ್ಕೊಬ್ಬರು ಆನ್‌ಕಾಲ್. ಝಾಬಿಕ್ಸ್, ಯುಪಿಎಸ್, ಎನ್‌ಎಎಸ್, ಬ್ಯಾಕಪ್, ಆಂಟಿವೈರಸ್ ಎಲ್ಲದರ ಮೇಲ್ ಒಂದೇ ಮೇಲ್‌ಬಾಕ್ಸ್‌ಗೆ ಬರುತ್ತವೆ. ದಿನಕ್ಕೆ ಇನ್ನೂರು ಮುನ್ನೂರು ಮೇಲ್. ಈ ವ್ಯವಸ್ಥೆ ನಮಗಿಂತ ಮುಂಚೆ ಇದ್ದವರು ಮಾಡಿಟ್ಟಿದ್ದು.

ಹೋದ ಸೋಮವಾರ ಬೆಳಗಿನ ಜಾವ ಲ್ಯಾಬ್‌ನ ಡೇಟಾಬೇಸ್ ನಿಂತುಹೋಯಿತು. 500 ಜಿಬಿ ಡಿಸ್ಕ್ ಪೂರ್ತಿ ತುಂಬಿತ್ತು. ಆರೂವರೆಗೆ ರಕ್ತ ತೆಗೆಯುವ ಹುಡುಗಿಯರು ಫೋನ್ ಮಾಡಿದಾಗಲೇ ನಮಗೆ ಗೊತ್ತಾಗಿದ್ದು. ಆಮೇಲೆ ಮೇಲ್‌ಬಾಕ್ಸ್ ನೋಡಿದರೆ ಎಚ್ಚರಿಕೆ ಮೊದಲೇ ಬಂದಿದೆ:

```
Sat 02:28  Problem: /data: Disk space is low (used > 80%)
Sun 02:32  Problem: /data: Disk space is critically low (used > 90%)
Mon 02:37  Problem: PostgreSQL: Service is down
```

ನನ್ನ ಪ್ರಶ್ನೆ ಇಷ್ಟೇ. ಇಂಥ ಮೇಲ್ ಬಂದಾಗ ಆನ್‌ಕಾಲ್ ಇರುವವರ ಫೋನ್ ಜೋರಾಗಿ ಹೊಡೆದುಕೊಳ್ಳಬೇಕು. ಆದರೆ ಎಲ್ಲ ಮೇಲ್‌ಗೂ ಹೊಡೆದುಕೊಂಡರೆ ಹುಡುಗರು ಎರಡೇ ದಿನಕ್ಕೆ ಫೋನ್ ಸೈಲೆಂಟ್ ಮಾಡಿ ಮಲಗುತ್ತಾರೆ. ಅರ್ಧಕ್ಕರ್ಧ ಸಾಮಾನು ಹಳೆಯದು, ಮೇಲ್ ಬಿಟ್ಟು ಬೇರೆ ಏನನ್ನೂ ಕಳಿಸುವುದಿಲ್ಲ.

ಮಂಡಕ್ಕಿ ಮಿರ್ಚಿ

ಜಿಮೇಲ್‌ನಲ್ಲೇ ಆಗುತ್ತೆ ಅಣ್ಣ, ಸುಮ್ನೆ ದುಡ್ಡು ಯಾಕೆ ಖರ್ಚು? ಸಬ್ಜೆಕ್ಟ್‌ನಲ್ಲಿ critical ಅಂತ ಇದ್ದರೆ ಒಂದು ಲೇಬಲ್ ಹಾಕುವ ಫಿಲ್ಟರ್ ಮಾಡಿ. ಫೋನಿನ ಆ್ಯಪ್‌ನಲ್ಲಿ ಆ ಲೇಬಲ್‌ಗೆ ಮಾತ್ರ ಬೇರೆ ರಿಂಗ್‌ಟೋನ್ ಇಡಿ, ಉಳಿದದ್ದಕ್ಕೆ ನೋಟಿಫಿಕೇಶನ್ ಬಂದ್ ಮಾಡಿ. ನಮ್ಮ ಅಂಗಡಿಗೆ ಹೀಗೇ ಮಾಡಿದ್ದೇವೆ. ಹತ್ತು ನಿಮಿಷದ ಕೆಲಸ.

ಮಿಲ್ ಮಾಲೀಕ

ಮೇಲ್ ಬಂದಿದೆ, ನೋಡಿಲ್ಲ. ಇದರಲ್ಲಿ ತಂತ್ರಜ್ಞಾನದ ಪ್ರಶ್ನೆ ಎಲ್ಲಿದೆ? ರಾತ್ರಿ ಪಾಳಿಗೆ ಒಬ್ಬನನ್ನು ಇಡಿ. ನಮ್ಮ ಅಕ್ಕಿ ಗಿರಣಿಯಲ್ಲಿ ಡ್ರೈಯರ್ ಓಡುವಾಗ ಒಬ್ಬ ಎಚ್ಚರ ಇದ್ದೇ ಇರುತ್ತಾನೆ. ಆಸ್ಪತ್ರೆ ಕೆಲಸ ಅಂದಮೇಲೆ ಅಷ್ಟು ಜವಾಬ್ದಾರಿ ಬೇಡವಾ?

ಹಳೇ ಪೇಜರ್ (ವಿದ್ಯಾನಗರ)

ಅಡ್ಮಿನ್ ಅವರೇ, ಪರಿಹಾರದ ಮಾತು ಆಮೇಲೆ. ಮೊದಲು ಎರಡು ವಿಷಯ ಹೇಳಿ. ಆ 80% ಮೇಲ್ ಬೇರೆ ದಿನಗಳಲ್ಲೂ ರಾತ್ರಿ ಬರುತ್ತಾ? ಬಂದರೆ, ಸ್ವಲ್ಪ ಹೊತ್ತಿಗೆ ಅದರ Resolved ಮೇಲ್ ಬರುತ್ತಲ್ಲ, ಶನಿವಾರ ಅದು ಬಂದಿತ್ತಾ? ರಾತ್ರಿ ಎರಡಕ್ಕೆ ಏನು ಓಡುತ್ತೆ ಅನ್ನುವುದನ್ನೂ ಹೇಳಿ.

ಹದಡಿ ರಸ್ತೆ ಅಡ್ಮಿನ್

ಸರ್, ಈಗಷ್ಟೇ ನೋಡಿದೆ. ಆ ಮೇಲ್ ದಿನಾ ರಾತ್ರಿ ಬರುತ್ತೆ. ಎರಡಕ್ಕೆ ಡೇಟಾಬೇಸ್ ಡಂಪ್ ಶುರುವಾಗುತ್ತೆ, ಅದೇ ಡಿಸ್ಕ್‌ನಲ್ಲಿ ಬರೆದುಕೊಂಡು ಆಮೇಲೆ ಪಕ್ಕದ ಎನ್‌ಎಎಸ್‌ಗೆ ಕಳಿಸಿ ಅಳಿಸುತ್ತೆ. ಡಂಪ್ ಸುಮಾರು 45 ಜಿಬಿ. ದಿನಾ ಮೂರು ಗಂಟೆಯೊಳಗೆ Resolved ಬರುತ್ತೆ. ಶನಿವಾರ ಬಂದಿಲ್ಲ. ಎನ್‌ಎಎಸ್ ಶುಕ್ರವಾರ ಸಂಜೆಯಿಂದಲೇ ಆಫ್ ಆಗಿತ್ತು, ಅದು ಸೋಮವಾರ ಗೊತ್ತಾಯಿತು.

ಹಳೇ ಪೇಜರ್

ಹಾಗಾದರೆ ಲೆಕ್ಕ ಹೀಗಿದೆ ನೋಡಿ. ನಿಮ್ಮ ಡಿಸ್ಕ್‌ನಲ್ಲಿ ಯಾವಾಗಲೂ 370 ಜಿಬಿಯಷ್ಟು ಡೇಟಾ ಇರುತ್ತೆ ಅಂತ ಅಂದುಕೊಳ್ಳುತ್ತೇನೆ, ಅಂದರೆ 74%. ಡಂಪ್ ಬರೆಯುವಾಗ ಅದು 415ಕ್ಕೆ ಹೋಗುತ್ತೆ, 83%. ಎರಡೂವರೆ ಹೊತ್ತಿಗೆ 80 ದಾಟಿತು ಅಂತ ಮೇಲ್. ಡಂಪ್ ಎನ್‌ಎಎಸ್‌ಗೆ ಹೋಗಿ ಅಳಿಸಿದ ಮೇಲೆ ಮತ್ತೆ 74, ಸರಿಹೋಯಿತು ಅಂತ ಇನ್ನೊಂದು ಮೇಲ್. ವರ್ಷಗಟ್ಟಲೆ ದಿನಾ ಎರಡು ಮೇಲ್ ಬಂದಿವೆ, ಎರಡರಿಂದಲೂ ಯಾರಿಗೂ ಕೆಲಸ ಹುಟ್ಟಿಲ್ಲ. ನಿಮ್ಮ ಹುಡುಗರು ಅದನ್ನು ನೋಡದೆ ಇರುವುದನ್ನು ಕಲಿತಿದ್ದರೆ ಆ ಮೇಲೇ ಅವರಿಗೆ ಕಲಿಸಿದ್ದು. ಮಿಲ್ ಮಾಲೀಕರಿಗೂ ಇದೇ ನನ್ನ ಉತ್ತರ. ರಾತ್ರಿ ಪಾಳಿಯವನನ್ನು ಇಟ್ಟಿದ್ದರೂ ಅವನು ಶನಿವಾರದ ಮೇಲ್ ನೋಡಿ "ಇದು ದಿನಾ ಬರುವುದೇ" ಅಂತ ಬಿಡುತ್ತಿದ್ದ.

ಈಗ ಆ ವಾರಾಂತ್ಯ. ಶುಕ್ರವಾರ ರಾತ್ರಿಯ ಡಂಪ್ ಹೋಗಲು ಜಾಗವಿಲ್ಲದೆ ಅಲ್ಲೇ ಉಳಿಯಿತು, 415. ಶನಿವಾರ ರಾತ್ರಿಯದ್ದು ಸೇರಿ 460, ಅಂದರೆ 92%. ಭಾನುವಾರ ರಾತ್ರಿ ಮೂರನೇ ಡಂಪ್‌ಗೆ 45 ಬೇಕು, ಇದ್ದದ್ದು 40. ಎರಡು ಗಂಟೆ ಮೂವತ್ತಾರು ಮೂವತ್ತೇಳಕ್ಕೆ ಡಿಸ್ಕ್ ತುಂಬಿತು. ಪೋಸ್ಟ್‌ಗ್ರೆಸ್‌ಗೆ ತನ್ನ WAL ಬರೆಯಲು ಜಾಗ ಸಿಗದಿದ್ದರೆ ಅದು PANIC ಅಂತ ಹೇಳಿ ತಾನೇ ನಿಂತುಬಿಡುತ್ತೆ. ನಿಮ್ಮ ಮೂರು ಮೇಲ್‌ಗಳ ಸಮಯಕ್ಕೂ ಈ ಲೆಕ್ಕಕ್ಕೂ ಸರಿಯಾಗಿ ಹೊಂದುತ್ತೆ.

ಗಮನಿಸಿ, ಆ ವಾರಾಂತ್ಯದ ಮೊದಲ ಸುಳಿವು ಬಂದ ಮೇಲ್ ಅಲ್ಲ, ಶನಿವಾರ ಮೂರು ಗಂಟೆಗೆ ಬರದೇ ಹೋದ ಮೇಲ್. ಇನ್ನೂರು ಮೇಲ್ ನಡುವೆ ಬರದೇ ಇರುವ ಒಂದನ್ನು ಹುಡುಕು ಅಂತ ಯಾವ ಮನುಷ್ಯನಿಗೂ ಹೇಳುವ ಹಾಗಿಲ್ಲ.

ಚಳ್ಳಕೆರೆ ಹುಡುಗ

ಸರ್, ಹಾಗಾದರೆ 80 ಅನ್ನು 95 ಮಾಡಿಬಿಟ್ಟರೆ ಆಯ್ತಲ್ವಾ? ದಿನಾ ಬರುವುದು ನಿಲ್ಲುತ್ತೆ.

ಹಳೇ ಪೇಜರ್

ನಿಲ್ಲುತ್ತೆ ತಮ್ಮ, ಆದರೆ ಈ ಘಟನೆಯಲ್ಲಿ 95 ದಾಟಿದ್ದು ಯಾವಾಗ? 475 ಜಿಬಿ ಆದಾಗ. ಡಂಪ್ ನಿಮಿಷಕ್ಕೆ ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ ಬರೆಯುತ್ತೆ. ಸೋಮವಾರ ಎರಡು ಹದಿನಾಲ್ಕರ ಹೊತ್ತಿಗೆ ಎಬ್ಬಿಸಿದರೆ ನಿನಗೆ ಉಳಿಯುವುದು ಇಪ್ಪತ್ತು ನಿಮಿಷ. ಲ್ಯಾಪ್‌ಟಾಪ್ ತೆಗೆದು ವಿಪಿಎನ್ ಹಾಕುವಷ್ಟರಲ್ಲಿ ಮುಗಿದಿರುತ್ತೆ. ಶನಿವಾರ ಬೆಳಿಗ್ಗೆಯೇ ಗೊತ್ತಾಗಬೇಕಿದ್ದ ವಿಷಯ ಅದು.

ಮಿತಿ 80 ಇರಲಿ. ಎಷ್ಟು ಹೊತ್ತು ಮೇಲಿತ್ತು ಅನ್ನುವುದನ್ನು ಕೇಳಬೇಕು. ಮಾಮೂಲಿ ದಿನ 80ರ ಮೇಲೆ ಇರುವುದು ಅರ್ಧ ಗಂಟೆಯೊಳಗೆ. ಹಾಗಾಗಿ ಎರಡು ಗಂಟೆ ಪೂರ್ತಿ ಕೆಳಗೆ ಇಳಿಯದಿದ್ದರೆ ಮಾತ್ರ ಹೇಳು ಅನ್ನಬೇಕು:

```
min(/labdb/vfs.fs.size[/data,pused],2h)>80
min(/labdb/vfs.fs.size[/data,pused],1h)>90
```

ಮೊದಲನೆಯದು ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತಿತ್ತು. ಅದು ಫೋನ್ ಹೊಡೆಯಬೇಕಾಗಿಲ್ಲ, ಬೆಳಿಗ್ಗೆ ನೋಡುವ ಪಟ್ಟಿಗೆ ಹೋದರೆ ಸಾಕು, ಎರಡು ದಿನ ಕೈಯಲ್ಲಿದೆ. ಎರಡನೆಯದು ಭಾನುವಾರ ಮೂರೂವರೆಗೆ ಏಳುತ್ತಿತ್ತು. ಅದು ಫೋನ್ ಹೊಡೆಯಲಿ. ಉಳಿದ ರಾತ್ರಿಗಳಲ್ಲಿ ಈ ಎರಡರಿಂದ ಒಂದೂ ಮೇಲ್ ಬರುವುದಿಲ್ಲ. ಐಟಂ ಕೀ ಹೊಸ ಝಾಬಿಕ್ಸ್‌ನಲ್ಲಿ ಬೇರೆ ಇರುತ್ತೆ, ನಿಮ್ಮದರಲ್ಲಿ ಏನಿದೆ ನೋಡಿಕೊಂಡು ಹಾಕಿ.

ಇನ್ನೊಂದು ಮಾತು. ಟೆಂಪ್ಲೇಟ್‌ನ ಟ್ರಿಗರ್‌ನಲ್ಲಿ timeleft ಇದ್ದರೆ ಡಂಪ್ ಓಡುವ ಹೊತ್ತಿನಲ್ಲಿ ಅದನ್ನು ನಂಬಬೇಡಿ. ಕಳೆದ ಒಂದು ಗಂಟೆಯ ಏರಿಕೆ ನೋಡಿ ಮುಂದಿನದು ಊಹಿಸುತ್ತೆ. ಡಂಪ್ ಬರೆಯುವಾಗ ಯಾವ ಡಿಸ್ಕ್ ಆದರೂ ಇಂದೇ ತುಂಬುವ ಹಾಗೆ ಕಾಣುತ್ತೆ.

ಮಿಲ್ ಮಾಲೀಕ

ದಿನಾ ಬರುತ್ತಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ಆದರೂ ಭಾನುವಾರದ ಮೇಲ್ ಬೇರೆ ಇತ್ತಲ್ಲ, 90 ಅಂತ. ಅದನ್ನಾದರೂ ನೋಡಬೇಕಿತ್ತು.

ಹದಡಿ ರಸ್ತೆ ಅಡ್ಮಿನ್

ಫೋನಿನ ಪರದೆಯಲ್ಲಿ ಸಬ್ಜೆಕ್ಟ್ ಹೇಗೆ ಕಾಣುತ್ತೆ ಗೊತ್ತಾ ಸರ್? "Problem: /data: Disk space is…" ಅಲ್ಲಿಗೆ ಕತ್ತರಿಸಿ ಹೋಗುತ್ತೆ. low ಇರಲಿ critically low ಇರಲಿ, ಎರಡೂ ಒಂದೇ ಥರ. ಈಗ ಸಬ್ಜೆಕ್ಟ್‌ನ ಮೊದಲಿಗೇ ತೀವ್ರತೆ, ಆಮೇಲೆ ಗ್ರಾಹಕರ ಹೆಸರು ಬರುವ ಹಾಗೆ ಬದಲಾಯಿಸಿದ್ದೇವೆ.

ಜಗಳೂರು ಅಕ್ಕ

ನನಗೂ ಇದೇ ಕಾಟ. ಸಾಲ ಬೇಕಾ, ಆಫರ್ ನೋಡಿ ಅಂತ ದಿನವಿಡೀ ಬರುತ್ತಲೇ ಇರುತ್ತೆ. ಮಗಳ ಶಾಲೆಯ ಮೆಸೇಜ್ ಅದರಲ್ಲಿ ಕಳೆದುಹೋಗುತ್ತೆ. ಆ್ಯಪ್ ಸೆಟ್ಟಿಂಗ್‌ಗೆ ಹೋಗಿ ಒಂದೊಂದಾಗಿ ಬಂದ್ ಮಾಡಿದೆ. ನೀವೂ ಹಾಗೇ ಮಾಡಬಹುದಲ್ಲ?

ಚಳ್ಳಕೆರೆ ಹುಡುಗ

ಅಕ್ಕ, ಇದು ಫೋನಿನ ಆಫರ್ ಮೆಸೇಜ್ ವಿಷಯ ಅಲ್ಲ, ಸರ್ವರ್‌ಗಳು ಕಳಿಸುವ ಮೇಲ್. ಬಂದ್ ಮಾಡಿದರೆ ಬೇಕಾದದ್ದೂ ಹೋಗುತ್ತೆ. ಆದರೆ ನಿಮ್ಮ ಶಾಲೆಯ ಮೆಸೇಜ್ ಕಳೆದುಹೋಗುವುದೂ ಇವರ ಡಿಸ್ಕ್ ಮೇಲ್ ಕಳೆದುಹೋಗಿದ್ದೂ ಒಂದೇ ಕಾರಣಕ್ಕೆ.

ಗಾಳಿಗುಡ್ಡ (ಚಿತ್ರದುರ್ಗ)

ನಾನು ದುರ್ಗದ ಹತ್ತಿರ ಗಾಳಿಯಂತ್ರಗಳ ಕಂಟ್ರೋಲ್ ರೂಮ್‌ನಲ್ಲಿ ಇದ್ದೇನೆ. ನಮ್ಮ ತೊಂದರೆ ನಿಮ್ಮದಕ್ಕಿಂತ ಬೇರೆ, ಆದರೂ ಹೇಳುತ್ತೇನೆ. ಗ್ರಿಡ್ ಹೋದರೆ ಆ ಫೀಡರ್‌ನಲ್ಲಿರುವ ಪ್ರತಿ ಯಂತ್ರವೂ ತನ್ನದೇ ಮೇಲ್ ಕಳಿಸುತ್ತೆ. ಗ್ರಿಡ್ ವಾಪಸ್ ಬಂದರೆ ಮತ್ತೆ ಅಷ್ಟೇ. ಒಂದು ಕಾರಣ, ಹತ್ತಾರು ಮೇಲ್. ಮೊದಲು ಪ್ರತಿ ಮೇಲ್‌ಗೂ ಫೋನ್ ಹೊಡೆದುಕೊಳ್ಳುತ್ತಿತ್ತು. ಮುಂಗಾರಿನ ಗಾಳಿಮಳೆಯಲ್ಲಿ ಎಂಜಿನಿಯರ್ ಕೈಯಲ್ಲಿ ಫೋನ್ ಹಿಡಿಯಲು ಆಗುತ್ತಿರಲಿಲ್ಲ, ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ವಿಚಾರಿಸೋಣ ಅಂದರೂ ಲೈನ್ ಸಿಗದಷ್ಟು.

ಈಗ ಮೊದಲ ಮೇಲ್ ಬಂದ ಮೇಲೆ ತೊಂಬತ್ತು ಸೆಕೆಂಡ್ ಕಾಯುತ್ತೇವೆ. ಅಷ್ಟರಲ್ಲಿ ಅದೇ ಫೀಡರ್‌ನಿಂದ ಇನ್ನೂ ಮೇಲ್ ಬಂದರೆ ಎಲ್ಲ ಒಟ್ಟುಗೂಡಿಸಿ "ಫೀಡರ್ 3, ಗ್ರಿಡ್ ಇಲ್ಲ, 14 ಯಂತ್ರ" ಅಂತ ಒಂದೇ ಕರೆ ಹೋಗುತ್ತೆ. ತೊಂಬತ್ತು ಸೆಕೆಂಡ್ ತಡವಾಗುವುದರಿಂದ ನಮಗೆ ನಷ್ಟವಿಲ್ಲ.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಒಂದೇ ಯಂತ್ರದ ಗೇರ್‌ಬಾಕ್ಸ್ ಎಣ್ಣೆ ಬಿಸಿಯಾದರೆ ಅದು ತಾನೇ ನಿಲ್ಲುತ್ತೆ. ರಾತ್ರಿ ಎರಡಕ್ಕೆ ಯಾರೂ ಟವರ್ ಹತ್ತುವ ಹಾಗಿಲ್ಲ. ಹಾಗಾದಮೇಲೆ ಅದಕ್ಕೆ ಯಾರನ್ನಾದರೂ ಎಬ್ಬಿಸಿ ಮಾಡಿಸುವುದೇನು? ಅದು ಬೆಳಗಿನ ಪಟ್ಟಿಗೆ ಹೋಗುತ್ತೆ. ಹೊಗೆ, ಬೆಂಕಿ, ಸಬ್‌ಸ್ಟೇಷನ್ ಸಂಪರ್ಕ ಕಡಿತ, ಇಷ್ಟಕ್ಕೆ ಮಾತ್ರ ರಾತ್ರಿ ಫೋನ್. "ಕೆಂಪು ಬಣ್ಣದ ಅಲಾರಂ" ಅಂತ ತಯಾರಕರು ಹೆಸರಿಟ್ಟಿದ್ದಾರೆ ಅಂದ ಮಾತ್ರಕ್ಕೆ ಅದು ರಾತ್ರಿ ಎಬ್ಬಿಸುವಂಥದ್ದು ಆಗುವುದಿಲ್ಲ. ಅವರು ಯಂತ್ರದ ದೃಷ್ಟಿಯಿಂದ ಬಣ್ಣ ಕೊಟ್ಟಿರುತ್ತಾರೆ.

ಹಳೇ ಪೇಜರ್

ಗಾಳಿಗುಡ್ಡ ಮೇಡಂ ಹೇಳಿದ ಆ ಪ್ರಶ್ನೆಯನ್ನು ಅಡ್ಮಿನ್ ಅವರು ತಮ್ಮ ಪ್ರತಿಯೊಂದು ಅಲರ್ಟ್‌ಗೂ ಕೇಳಬೇಕು. ಈಗ ಎದ್ದವನು ಈಗಲೇ ಮಾಡಬಹುದಾದ ಕೆಲಸ ಏನು? ಅದನ್ನು ಅಲರ್ಟ್‌ನ ಒಳಗೇ ಬರೆಯಿರಿ. "/data/dump ಒಳಗೆ ಹಳೆಯ ಡಂಪ್ ಇದೆಯಾ ನೋಡು, ಎನ್‌ಎಎಸ್ ಬದುಕಿದೆಯಾ ನೋಡು" ಇಷ್ಟು ಸಾಕು. ಬರೆಯಲು ಏನೂ ಸಿಗದ ಅಲರ್ಟ್‌ಗೆ ಫೋನ್ ಹೊಡೆಯುವ ಹಕ್ಕು ಕೊಡಬೇಡಿ.

ಕೋಟೆನಾಡಿನವ

ಮೇಲ್‌ನಿಂದ ಫೋನ್‌ಗೆ ಹೋಗುವ ದಾರಿ ನಾನು ಹೇಳುತ್ತೇನೆ, ನಮ್ಮಲ್ಲಿ ಓಡುತ್ತಿದೆ. ಹೊರಗೆ ಒಂದು ಚಿಕ್ಕ ವಿಪಿಎಸ್, ಅದರಲ್ಲಿ ಪೋಸ್ಟ್‌ಫಿಕ್ಸ್. pager ಅನ್ನುವ ವಿಳಾಸಕ್ಕೆ ಬಂದ ಮೇಲ್ ಒಂದು ಸ್ಕ್ರಿಪ್ಟ್‌ಗೆ ಹೋಗುತ್ತೆ. /etc/aliases ಒಳಗೆ ಒಂದು ಸಾಲು ಹಾಕಿ newaliases ಓಡಿಸಬೇಕು:

```
pager: "|/usr/local/bin/mail2page"
```

ಸ್ಕ್ರಿಪ್ಟ್ ಇಷ್ಟೇ, ಸಬ್ಜೆಕ್ಟ್ ತೆಗೆದುಕೊಂಡು ntfy ಮೂಲಕ ಫೋನ್‌ಗೆ ನೋಟಿಫಿಕೇಶನ್ ಕಳಿಸುತ್ತೆ:

```
#!/bin/sh
SUB=$(formail -zxSubject: | head -n 1)
curl -fsS -m 10 -H "Priority: urgent" \
  -d "$SUB" https://ntfy.example.com/lab-oncall || exit 75
```

ಕೊನೆಯ 75 ಬಿಡಬೇಡಿ. ಆ ಸಂಖ್ಯೆ ಸಿಕ್ಕರೆ ಪೋಸ್ಟ್‌ಫಿಕ್ಸ್ ಮೇಲ್ ಅನ್ನು ಸರತಿಯಲ್ಲಿ ಇಟ್ಟುಕೊಂಡು ಮತ್ತೆ ಪ್ರಯತ್ನಿಸುತ್ತೆ. ಬೇರೆ ಯಾವುದೋ ತಪ್ಪು ಸಂಖ್ಯೆ ಬಂದರೆ ಮೇಲ್ ಕಳಿಸಿದವರಿಗೇ ವಾಪಸ್ ಎಸೆಯುತ್ತೆ, ಕಳಿಸಿದ್ದು ಯುಪಿಎಸ್ ಆದರೆ ಅದನ್ನು ಓದುವವರು ಯಾರು?

ಝಾಬಿಕ್ಸ್‌ಗೆ ಸಬ್ಜೆಕ್ಟ್ ನೋಡಿ ಫಿಲ್ಟರ್ ಮಾಡಲು ಹೋಗಬೇಡಿ. ಆ್ಯಕ್ಷನ್‌ನಲ್ಲೇ ತೀವ್ರತೆ High ಅಥವಾ ಅದಕ್ಕಿಂತ ಮೇಲಿದ್ದರೆ pager ವಿಳಾಸ, ಉಳಿದದ್ದು ಹಳೆಯ ವಿಳಾಸ ಅಂತ ಬೇರೆ ಮಾಡಿ. ಟೆಂಪ್ಲೇಟ್‌ನ ಡಿಸ್ಕ್ ಟ್ರಿಗರ್ critical ಆಗಿದ್ದರೂ ತೀವ್ರತೆ Average ಅಷ್ಟೇ ಇರುತ್ತೆ, ಹಾಗಾಗಿ ಹಳೇ ಪೇಜರ್ ಅವರ ಎರಡನೇ ಟ್ರಿಗರ್‌ಗೆ ನೀವೇ High ಕೊಡಬೇಕು. ಯುಪಿಎಸ್, ಎನ್‌ಎಎಸ್ ಥರದವು ಒಂದೇ ವಿಳಾಸಕ್ಕೆ ಎಲ್ಲ ಕಳಿಸುತ್ತವೆ. ಅವಕ್ಕೆ ಮಾತ್ರ ಸಬ್ಜೆಕ್ಟ್ ನೋಡುವ ಪಟ್ಟಿ ಇಟ್ಟಿದ್ದೇವೆ. ಪಟ್ಟಿಯಲ್ಲಿ ಇದ್ದದ್ದು ಫೋನ್‌ಗೆ, ಇಲ್ಲದ್ದೆಲ್ಲ ಬೆಳಿಗ್ಗೆಗೆ.

ಮಂಡಕ್ಕಿ ಮಿರ್ಚಿ

ಇಷ್ಟೆಲ್ಲ ಯಾಕ್ರೀ? ನಾನು ಹೇಳಿದ ಜಿಮೇಲ್ ಫಿಲ್ಟರ್‌ಗೂ ಇದಕ್ಕೂ ಏನು ವ್ಯತ್ಯಾಸ? ಎರಡೂ ಕಡೆ ಫೋನ್ ಶಬ್ದ ಮಾಡುತ್ತೆ.

ಕೋಟೆನಾಡಿನವ

ಫಿಲ್ಟರ್ ಭಾಗ ನೀವು ಹೇಳಿದ್ದು ಸರಿ ಇದೆ. ಕೊರತೆ ಇರುವುದು ಆಮೇಲಿನದರಲ್ಲಿ. ನೋಟಿಫಿಕೇಶನ್ ಒಂದು ಸಲ ಟಿಂಗ್ ಅಂತ ಸುಮ್ಮನಾಗುತ್ತೆ. ಆನ್‌ಕಾಲ್ ಇರುವವನು ಸ್ನಾನಕ್ಕೆ ಹೋಗಿದ್ದರೆ? ಫೋನ್ ಡು ನಾಟ್ ಡಿಸ್ಟರ್ಬ್‌ನಲ್ಲಿ ಇದ್ದರೆ? ಮುಂದಿನ ವಾರ ಬೇರೆಯವರ ಸರದಿ ಬಂದಾಗ ಅವರ ಫೋನಿನಲ್ಲಿ ಮತ್ತೆ ಎಲ್ಲ ಸೆಟ್ಟಿಂಗ್ ಮಾಡಬೇಕು. ಒಬ್ಬ "ನೋಡಿದೆ" ಅಂತ ಒತ್ತುವವರೆಗೂ ಮತ್ತೆ ಮತ್ತೆ ಕರೆಯಬೇಕು, ಹತ್ತು ನಿಮಿಷವಾದರೂ ಒತ್ತದಿದ್ದರೆ ಎರಡನೆಯವರಿಗೆ ಹೋಗಬೇಕು. ಈ ಕೆಲಸ ಬರೀ ntfyಯಲ್ಲೂ ಇಲ್ಲ, ಒಪ್ಪುತ್ತೇನೆ. ಅದಕ್ಕೆ ಪೇಜರ್‌ಡ್ಯೂಟಿ ಥರದ ಸೇವೆ ಬೇಕು. ಅವು ನಮಗೊಂದು ಮೇಲ್ ವಿಳಾಸವನ್ನೇ ಕೊಡುತ್ತವೆ, ಅಲ್ಲಿಗೆ ಮೇಲ್ ಬಂದರೆ ಕರೆ ಶುರು. ಆಪ್ಸ್‌ಜೀನಿ ಮಾತ್ರ ಈಗ ಹೊಸದಾಗಿ ಹಿಡಿಯಬೇಡಿ. ಅಟ್ಲಾಸಿಯನ್ 2025ರ ಜೂನ್‌ನಲ್ಲೇ ಹೊಸ ಮಾರಾಟ ನಿಲ್ಲಿಸಿದೆ, 2027ರ ಏಪ್ರಿಲ್‌ಗೆ ಪೂರ್ತಿ ಬಂದ್.

ಮಂಡಕ್ಕಿ ಮಿರ್ಚಿ

ಓ, ಒತ್ತುವವರೆಗೂ ಕರೆಯುವುದು ನನ್ನದರಲ್ಲಿ ಇಲ್ಲ, ಹೌದು. ನಮ್ಮದು ಒಬ್ಬನೇ ಇರುವ ಅಂಗಡಿ, ಹಾಗಾಗಿ ಬೇಕಾಗಿರಲಿಲ್ಲ.

ಚಳ್ಳಕೆರೆ ಹುಡುಗ

ಎಸ್ಸೆಮ್ಮೆಸ್ ಕಳಿಸಿದರೆ? ಇಂಟರ್ನೆಟ್ ಇಲ್ಲದಿದ್ದರೂ ಬರುತ್ತಲ್ವಾ.

ಹಳೇ ಪೇಜರ್

ಇಲ್ಲಿಯ ಗೇಟ್‌ವೇ ಮೂಲಕ ಕಳಿಸಲು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಸಂಸ್ಥೆ, ಹೆಡರ್, ಟೆಂಪ್ಲೇಟ್ ಎಲ್ಲ ನೋಂದಾಯಿಸಬೇಕು. ಟೆಂಪ್ಲೇಟ್‌ಗೆ ಹೊಂದದ ಮೆಸೇಜ್ ತಲುಪುವುದಿಲ್ಲ, ನಮ್ಮ ಅಲರ್ಟ್ ಪಠ್ಯವೋ ದಿನಕ್ಕೊಂದು ಥರ. ನಾಲ್ಕು ಜನರ ತಂಡಕ್ಕೆ ಫೋನ್ ಕರೆಯೇ ಸುಲಭ. ಆಂಡ್ರಾಯ್ಡ್‌ನಲ್ಲಿ ಡು ನಾಟ್ ಡಿಸ್ಟರ್ಬ್ ಇದ್ದರೂ ಒಂದೇ ಸಂಖ್ಯೆಯಿಂದ ಹದಿನೈದು ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ಫೋನ್ ಹೊಡೆದುಕೊಳ್ಳಲು ಬಿಡುವ ಆಯ್ಕೆ ಇದೆ, ಐಫೋನ್‌ನಲ್ಲಿ ಅದು ಮೂರು ನಿಮಿಷ. ಆದರೂ ಕರೆ ಮಾಡುವ ಸಂಖ್ಯೆಗಳನ್ನು ಕಾಂಟ್ಯಾಕ್ಟ್‌ಗೆ ಹಾಕಿ ಸ್ಟಾರ್ ಮಾಡಿಟ್ಟುಕೊಳ್ಳಿ. ವಿದೇಶದ ಸಂಖ್ಯೆ ಅಂತ ಯಾರೋ ನಿದ್ದೆಗಣ್ಣಿನಲ್ಲಿ ಕಟ್ ಮಾಡುವುದು ಸಾಮಾನ್ಯ. ಆ್ಯಪ್ ನಂಬುವುದಾದರೆ ಅದರ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ನಿರ್ಬಂಧ ತೆಗೆಯಿರಿ. ಕೆಲವು ಫೋನ್‌ಗಳು ರಾತ್ರಿ ಹೊತ್ತು ಬಳಸದ ಆ್ಯಪ್ ಅನ್ನು ಹಿನ್ನೆಲೆಯಲ್ಲಿ ಮುಚ್ಚಿಬಿಡುತ್ತವೆ. ಸರದಿ ಬದಲಾಗುವ ದಿನ ಒಂದು ಪರೀಕ್ಷೆ ಮೇಲ್ ಕಳಿಸಿ ಫೋನ್ ಹೊಡೆದುಕೊಳ್ಳುತ್ತಾ ನೋಡಿ.

ಗಾಳಿಗುಡ್ಡ

ಕೋಟೆನಾಡಿನವರೇ, ಪಟ್ಟಿಯಲ್ಲಿ ಇಲ್ಲದ್ದೆಲ್ಲ ಬೆಳಿಗ್ಗೆಗೆ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಒಂದು ಸಾಧನ ಅದುವರೆಗೆ ಯಾವತ್ತೂ ಕಳಿಸದ ಮೇಲ್ ಕಳಿಸಿತು ಅಂದರೆ ಅದೇ ವಿಶೇಷ ಅಲ್ವಾ? ನಮ್ಮಲ್ಲಿ ಒಮ್ಮೆ ಟ್ರಾನ್ಸ್‌ಫಾರ್ಮರ್ ರಿಲೇಯಿಂದ ಬಂದ ಮೇಲ್ ಯಾವ ಪಟ್ಟಿಯಲ್ಲೂ ಇರಲಿಲ್ಲ. ಹೊಸದು ಬಂದರೆ ಒಂದು ಸಲವಾದರೂ ಫೋನ್ ಹೊಡೆಯಲಿ.

ಕೋಟೆನಾಡಿನವ

ಹಾಗೆ ಮಾಡಿ ನೋಡಿದ್ದೇವೆ ಮೇಡಂ. ಒಂದು ಎನ್‌ಎಎಸ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಆದ ರಾತ್ರಿ ಸಬ್ಜೆಕ್ಟ್‌ಗಳ ಪದಜೋಡಣೆಯೇ ಬದಲಾಯಿತು. ಎಲ್ಲವೂ "ಹೊಸದು" ಆದವು, ಮಾಮೂಲಿ ವರದಿ ಕೂಡ. ನಿಮ್ಮ ಯಂತ್ರಗಳ ಮಾತು ಬದಲಾಗುವುದಿಲ್ಲ, ನಮ್ಮವು ಬದಲಾಗುತ್ತವೆ.

ಗಾಳಿಗುಡ್ಡ

ಹಾಗಾದರೆ ನಿಮ್ಮ ಹಳೆಯ ಪಟ್ಟಿಯೂ ಆ ರಾತ್ರಿ ಕೆಲಸ ನಿಲ್ಲಿಸಿರುತ್ತೆ. ನಿಜವಾದ ಡಿಸ್ಕ್ ಹಾಳಾದ ಮೇಲ್ ಬಂದಿದ್ದರೂ ಹೊಸ ಪದಜೋಡಣೆಯಿಂದ ಬೆಳಿಗ್ಗೆಗೆ ಹೋಗುತ್ತಿತ್ತು. ಅದಕ್ಕೇ ಹೇಳಿದ್ದು.

ಕೋಟೆನಾಡಿನವ

ಅದು ನಿಜ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅಪ್‌ಡೇಟ್ ಮಾಡಿದ ದಿನ ಆ ಸಾಧನದಿಂದಲೇ ಪರೀಕ್ಷೆ ಮೇಲ್ ಕಳಿಸುತ್ತೇವೆ. ಆದರೆ ಪರೀಕ್ಷೆ ಮೇಲ್‌ನ ಸಬ್ಜೆಕ್ಟ್ ಬೇರೆಯೇ ಇರುತ್ತೆ.

ಮಿಲ್ ಮಾಲೀಕ

ಒಂದು ಸಂಶಯ. ಎನ್‌ಎಎಸ್ ಶುಕ್ರವಾರ ಆಫ್ ಆಯಿತು ಅಂದಿರಿ. ಅದರ ಮೇಲ್ ಯಾಕೆ ಬರಲಿಲ್ಲ?

ಹದಡಿ ರಸ್ತೆ ಅಡ್ಮಿನ್

ಒಳ್ಳೆ ಪ್ರಶ್ನೆ ಸರ್. ಆಫ್ ಆದ ಪೆಟ್ಟಿಗೆ ತಾನು ಆಫ್ ಆದೆ ಅಂತ ಮೇಲ್ ಕಳಿಸಲು ಆಗುವುದಿಲ್ಲ. ಝಾಬಿಕ್ಸ್‌ನಲ್ಲಿ ಅದನ್ನು ಸೇರಿಸಿರಲಿಲ್ಲ. ಡಂಪ್ ಕಳಿಸುವ ಸ್ಕ್ರಿಪ್ಟ್ ಸೋತಾಗ ಕ್ರಾನ್ ಮೇಲ್ ಕಳಿಸಿದೆ, ಆದರೆ ಅದು ಆ ಸರ್ವರ್‌ನ ಒಳಗಿನ root ಮೇಲ್‌ಬಾಕ್ಸ್‌ಗೆ. ಮೂರು ರಾತ್ರಿಯ ಮೇಲ್ ಅಲ್ಲೇ ಬಿದ್ದಿದ್ದವು.

ಹಳೇ ಪೇಜರ್

ಇದಕ್ಕೆ ಉಲ್ಟಾ ದಾರಿ ಹಿಡಿಯಬೇಕು. ಸೋತಾಗ ಮೇಲ್ ಕಳಿಸು ಅನ್ನುವ ಬದಲು ಗೆದ್ದಾಗ ಹೊರಗಿನ ಒಂದು ಜಾಗಕ್ಕೆ ತಟ್ಟು ಅನ್ನಬೇಕು. ತಟ್ಟುವುದು ಸಮಯಕ್ಕೆ ಬರದಿದ್ದರೆ ಆ ಜಾಗವೇ ನಿಮಗೆ ಹೇಳುತ್ತೆ. ಕ್ರಾನ್ ಸಾಲು ಹೀಗೆ:

```
0 2 * * * /opt/lab/dump.sh && curl -fsS -m 10 --retry 5 -o /dev/null https://hc-ping.com/your-uuid-here
```

ಅಲ್ಲಿ ಅವಧಿ ಒಂದು ದಿನ, ಮೇಲೆ ಎರಡು ಗಂಟೆ ರಿಯಾಯಿತಿ ಕೊಡಿ. ಡಂಪ್ ಓಡದಿದ್ದರೂ, ಎನ್‌ಎಎಸ್ ಸತ್ತಿದ್ದರೂ, ಸರ್ವರ್‌ಗೆ ಕರೆಂಟ್ ಇಲ್ಲದಿದ್ದರೂ, ಆಸ್ಪತ್ರೆಯ ಇಂಟರ್ನೆಟ್ ಹೋಗಿದ್ದರೂ ಇದೊಂದೇ ಹಿಡಿಯುತ್ತೆ. dump.sh ಒಳಗೆ ಕಳಿಸುವ ಹೆಜ್ಜೆ ಸೋತರೆ ಸ್ಕ್ರಿಪ್ಟ್ ಕೂಡ ಸೋತಂತೆ ಹೊರಬರಬೇಕು, ಅದನ್ನು ಮಾತ್ರ ಖಾತ್ರಿ ಮಾಡಿಕೊಳ್ಳಿ. ಎಷ್ಟೋ ಸ್ಕ್ರಿಪ್ಟ್‌ಗಳ ಕೊನೆಯ ಸಾಲು echo ಆಗಿರುತ್ತೆ, ಒಳಗೆ ಏನೇ ಸೋತರೂ ಗೆದ್ದಂತೆ ಕಾಣುತ್ತೆ.

ಚಳ್ಳಕೆರೆ ಹುಡುಗ

ವಿಷಯ ಬೇರೆ, ಆದರೂ ಕೇಳುತ್ತೇನೆ. ಆನ್‌ಕಾಲ್ ವಾರಕ್ಕೆ ನಿಮ್ಮಲ್ಲಿ ಬೇರೆ ದುಡ್ಡು ಕೊಡುತ್ತಾರಾ? ನಮ್ಮಲ್ಲಿ ಅದೂ ಕೆಲಸದ ಭಾಗ ಅಂತಾರೆ.

ಗಾಳಿಗುಡ್ಡ

ದುಡ್ಡಿಲ್ಲ, ರಾತ್ರಿ ಎದ್ದರೆ ಮರುದಿನ ಮಧ್ಯಾಹ್ನ ಬಂದರೆ ಸಾಕು. ಅದು ಬಂದ ಮೇಲೆಯೇ ಮೇಲಿನವರಿಗೆ ಬೇಡದ ಅಲಾರಂ ತೆಗೆಯುವ ಆಸಕ್ತಿ ಹುಟ್ಟಿದ್ದು.

ಮಿಲ್ ಮಾಲೀಕ

ಮಾಲೀಕನಾಗಿ ಹೇಳುತ್ತೇನೆ, ಎಬ್ಬಿಸಿದರೆ ಕೊಡಬೇಕು. ಇದರಲ್ಲಿ ಎರಡು ಮಾತಿಲ್ಲ.

ಹದಡಿ ರಸ್ತೆ ಅಡ್ಮಿನ್

ಎಲ್ಲರಿಗೂ ಧನ್ಯವಾದ. ಇಲ್ಲಿಯವರೆಗೆ ಮಾಡಿದ್ದು: ಡಿಸ್ಕ್ ಟ್ರಿಗರ್ ಎರಡೂ ಬದಲಾದವು, ರಾತ್ರಿಯ ಮೇಲ್ ನಿಂತವು. ಡಂಪ್‌ಗೆ ಹೊರಗಿನ ತಟ್ಟುವಿಕೆ ಹಾಕಿದೆವು. ಪರೀಕ್ಷೆಗೆ ಎನ್‌ಎಎಸ್‌ನ ಕೇಬಲ್ ಕಿತ್ತು ಮಲಗಿದೆವು, ಬೆಳಗಿನ ಜಾವ ಐದರ ಹೊತ್ತಿಗೆ ಫೋನ್ ಬಂತು. pager ವಿಳಾಸ ವಿಪಿಎಸ್‌ನಲ್ಲಿ ಓಡುತ್ತಿದೆ.

ಉಳಿದಿರುವ ತಲೆನೋವು ಯುಪಿಎಸ್. ಬೇಸಿಗೆಯಲ್ಲಿ ಕರೆಂಟ್ ದಿನಕ್ಕೆ ಹಲವು ಸಲ ಹೋಗಿ ಬರುತ್ತೆ, ಪ್ರತಿ ಸಲ "On battery" ಮೇಲ್. ಅದನ್ನು ಪಟ್ಟಿಗೆ ಹಾಕಿದರೆ ಫೋನ್ ನಿಲ್ಲುವುದಿಲ್ಲ, ಬಿಟ್ಟರೆ ಜನರೇಟರ್ ಏಳದ ದಿನ ಗೊತ್ತಾಗುವುದಿಲ್ಲ.

ಕೋಟೆನಾಡಿನವ

ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಹಾಕಿ, ಅದರ ಸ್ಥಿತಿ ನೋಡುವ ಎನ್‌ಯುಟಿ ಸಾಫ್ಟ್‌ವೇರ್ ಓಡಿಸಿ, ಅದರ ಕಾರ್ಡ್ ಕಳಿಸುವ ಮೇಲ್ ಬಿಟ್ಟುಬಿಡಿ. upssched.conf ಒಳಗೆ:

```
AT ONBATT * START-TIMER onbatt 300
AT ONLINE * CANCEL-TIMER onbatt
AT LOWBATT * EXECUTE lowbatt
```

ಐದು ನಿಮಿಷದೊಳಗೆ ಕರೆಂಟೋ ಜನರೇಟರೋ ಬಂದರೆ ಟೈಮರ್ ರದ್ದು, ಯಾರಿಗೂ ಗೊತ್ತಾಗುವುದೇ ಇಲ್ಲ. ಬರದಿದ್ದರೆ CMDSCRIPT ಸಾಲಿನಲ್ಲಿ ಹೇಳಿದ ಸ್ಕ್ರಿಪ್ಟ್‌ನಿಂದ pager ವಿಳಾಸಕ್ಕೆ ಮೇಲ್. ಬ್ಯಾಟರಿ ತಳಮುಟ್ಟಿದರೆ ಕಾಯದೆ ಮೇಲ್.

ಗಾಳಿಗುಡ್ಡ

ಐದು ನಿಮಿಷ ನಿಮ್ಮ ಬ್ಯಾಟರಿಗೆ ಹೊಂದುತ್ತಾ ಮೊದಲು ನೋಡಿ. ಹಳೆಯ ಬ್ಯಾಟರಿ ಪರದೆಯಲ್ಲಿ ಇಪ್ಪತ್ತು ನಿಮಿಷ ತೋರಿಸಿ ಆರಕ್ಕೇ ಕೈಕೊಡುತ್ತೆ. ಲ್ಯಾಬ್ ಖಾಲಿ ಇರುವ ಭಾನುವಾರ ಮಧ್ಯಾಹ್ನ ಮೇನ್ ಸ್ವಿಚ್ ತೆಗೆದು ಗಡಿಯಾರ ಹಿಡಿದು ನಿಲ್ಲಿ.

ಹದಡಿ ರಸ್ತೆ ಅಡ್ಮಿನ್

ಜನರೇಟರ್ ಏಳಲು ನಲವತ್ತು ಸೆಕೆಂಡ್ ಸಾಕು ಅಂತ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಹಾಗಾದರೆ ಐದರ ಬದಲು ಎರಡು ನಿಮಿಷ ಇಡಬಹುದಾ?

ಕೋಟೆನಾಡಿನವ

ರಾತ್ರಿ ಜನರೇಟರ್ ಕೋಣೆಗೆ ಹೋಗಿ ಕೈಯಲ್ಲಿ ಚಾಲೂ ಮಾಡುವವರು ಆಸ್ಪತ್ರೆಯಲ್ಲೇ ಇದ್ದಾರಾ? ಇದ್ದರೆ ಎರಡು ನಿಮಿಷ ಇಟ್ಟು ಅವರ ಫೋನ್‌ಗೂ ಕರೆ ಹೋಗಲಿ. ಇಲ್ಲದಿದ್ದರೆ ನೀವು ಹದಡಿ ರಸ್ತೆಯಿಂದ ಹೋಗುವಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತೆ. ಆಗ ಕರೆ ಬಂದ ತಕ್ಷಣ ದೂರದಿಂದಲೇ ಡೇಟಾಬೇಸ್ ಸರಿಯಾಗಿ ನಿಲ್ಲಿಸುವುದೊಂದೇ ಕೆಲಸ. LOWBATT ಬಂದಾಗ ಎನ್‌ಯುಟಿಯೇ ಸರ್ವರ್ ಅನ್ನು ಸರಿಯಾಗಿ ಆಫ್ ಮಾಡುವ ಹಾಗೆ ಮಾಡಬಹುದು.

ಹದಡಿ ರಸ್ತೆ ಅಡ್ಮಿನ್

ರಾತ್ರಿ ಒಬ್ಬ ಸೆಕ್ಯುರಿಟಿ ಇರುತ್ತಾರೆ, ಜನರೇಟರ್ ಕೋಣೆಯ ಕೀ ಅವರ ಹತ್ತಿರ ಇದೆಯಾ ಗೊತ್ತಿಲ್ಲ. ನಾಳೆ ಹೋಗಿ ಕೇಳುತ್ತೇನೆ.